ಹನ್ನೆರಡು ಮಾಲು ಮಾರಿದರೂ ರೊಕ್ಕ ತರುವವು ನಾಲ್ಕೇ!

ಸಣ್ಣ ಹಿಡುವಳಿದಾರ ವರ್ಷದಲ್ಲಿ ಎಷ್ಟು ಬಗೆಯ ಮಾಲು ಮಾರುತ್ತಾನೆ? ಕೇಳಿದರೆ ನಮ್ಮ ಕಡೆ ಬರುವ ಉತ್ತರ, ‘ಏನ್ ಮಹಾ ಬಿಡ್ರಿ, ಸೋಯಾ, ಕಡ್ಲಿ, ಒಂದೀಟು ಹಾಲು’ ಎಂದು. ಕೂತು ಬರೆಸಿದರೆ ಪಟ್ಟಿ ಹತ್ತು ದಾಟುತ್ತದೆ. ಬದುವಿನ ಹುಣಸೆ, ಮನೆ ಹಿತ್ತಲಿನ ತೆಂಗು, ಕೋಳಿ ಮೊಟ್ಟೆ, ಸಂತೆಗೆ ಒಯ್ಯುವ ಮೆಂತ್ಯ ಸೊಪ್ಪು ಎಲ್ಲವೂ ಮಾರಾಟವೇ. ಎಲ್ಲಕ್ಕೂ ಮೈಮುರಿ ದುಡಿತ ಉಂಟು. ಆದರೆ ಮನೆ ನಡೆಸುವ ರೊಕ್ಕ ಇವುಗಳಲ್ಲಿ ಯಾವುದರಿಂದ ಬರುತ್ತದೆ?

ಇದಕ್ಕೆ ಉತ್ತರ ಅಂದಾಜಿನಲ್ಲಿ ಸಿಗುವುದಿಲ್ಲ. ಸಂತೆಯಲ್ಲಿ ಕೈಗೆ ಬಂದ ಐನೂರರ ನೋಟು ಬಹಳ ದಿನ ನೆನಪಿರುತ್ತದೆ. ತಿಂಗಳಿಗೊಮ್ಮೆ ಬರುವ ಹಾಲಿನ ದುಡ್ಡು ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು. ಅದಕ್ಕೆ ಒಂದು ಸಣ್ಣ ಲೆಕ್ಕ ಉಂಟು. ಒಂದು ನೋಟುಬುಕ್ಕು, ಒಂದು ಪೆನ್ನು, ಮೊಬೈಲಿನ ಕ್ಯಾಲ್ಕ್ಯುಲೇಟರ್ ಇದ್ದರೆ ಒಂದು ಸಂಜೆಯ ಕೆಲಸ.

ಈ ಲೆಕ್ಕ ಕಾರ್ಖಾನೆಗಳಲ್ಲಿ ಹಳೆಯದು. ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೊ 1890ರ ದಶಕದಲ್ಲಿ ದೇಶದೇಶಗಳ ಆದಾಯದ ಅಂಕಿಗಳನ್ನು ನೋಡಿ, ಬಹುಪಾಲು ಸಂಪತ್ತು ಕೆಲವೇ ಜನರ ಕೈಯಲ್ಲಿದೆ ಎಂದು ತೋರಿಸಿದ. ಮುಂದೆ ಅಮೆರಿಕದ ಜೋಸೆಫ್ ಜುರಾನ್ ಎಂಬ ಎಂಜಿನಿಯರು ಕಾರ್ಖಾನೆಯ ದೋಷಗಳಲ್ಲೂ ಇದೇ ಚಾಳಿ ಕಂಡು ಅದಕ್ಕೆ ಪರೇಟೊನ ಹೆಸರಿಟ್ಟರು. ದಾಸ್ತಾನಿನ ಸಾಮಾನನ್ನು ಎ, ಬಿ, ಸಿ ಎಂದು ಮೂರು ಗುಂಪು ಮಾಡುವ ರೂಢಿ ಬಂದದ್ದೂ ಇದರಿಂದಲೇ. ಕಾರ್ಖಾನೆಗೆ ಒಗ್ಗಿದ್ದು ಹೊಲಕ್ಕೆ ಒಗ್ಗುತ್ತದೆಯೇ? ಒಗ್ಗುತ್ತದೆ, ಆದರೆ ಹಾಗೇ ಎತ್ತಿಟ್ಟರೆ ಒಗ್ಗದು. ಎಲ್ಲಿ ತಿದ್ದಿಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

ಐದೆಕರೆಯ ಒಂದು ಲೆಕ್ಕ

ಹುಬ್ಬಳ್ಳಿ-ಧಾರವಾಡದ ನಡುವಿನ ನವಲೂರು ಪೇರಲ ಹಣ್ಣಿಗೆ ಹೆಸರಾದ ಊರು. ಅದೇ ಭಾಗದ ಒಬ್ಬ ರೈತರ ಲೆಕ್ಕ ಇದು. ಹೆಸರು ಬೇಡವೆಂದರು. ಐದೆಕರೆ ಜಮೀನು. ಒಂದೆಕರೆ ಪೇರಲ ತೋಟ. ಎರಡೂವರೆ ಎಕರೆಯಲ್ಲಿ ಮುಂಗಾರಿಗೆ ಸೋಯಾಬೀನ್, ಅದು ಎದ್ದ ಮೇಲೆ ಹಿಂಗಾರಿಗೆ ಕಡಲೆ. ಇನ್ನೊಂದು ಎಕರೆಯಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ. ಉಳಿದ ಅರ್ಧ ಎಕರೆಯಲ್ಲಿ ಮನೆ, ದನದ ಕೊಟ್ಟಿಗೆ, ಒಂದಿಷ್ಟು ಸೊಪ್ಪಿನ ಮಡಿ. ಬದುವಿನ ಮೇಲೆ ಆಪೂಸ್ ಮಾವು, ಹುಣಸೆ. ಮೂರು ಧಾರವಾಡಿ ಎಮ್ಮೆ. ದುಡಿಯುವವರು ಗಂಡ-ಹೆಂಡತಿ, ರಜೆಯಲ್ಲಿ ಮಗ.

ಲೆಕ್ಕದ ವರ್ಷ ಜೂನ್‌ನಿಂದ ಮೇವರೆಗೆ. ಮಿರಗದ ಮಳೆಗೆ ಬಿತ್ತಿದ್ದು, ಹಿಂಗಾರಿ ಮಾಲು ಮಾರಿದ್ದು, ಬೇಸಿಗೆಯ ಮಾವು ಎಲ್ಲ ಒಂದೇ ವರ್ಷದೊಳಗೆ ಬರಲಿ ಎಂದು. ಜನವರಿಯಿಂದ ಡಿಸೆಂಬರ್ ಹಿಡಿದರೆ ಒಂದು ಬೆಳೆಯ ಖರ್ಚು ಒಂದು ವರ್ಷಕ್ಕೆ, ಹುಟ್ಟುವಳಿ ಇನ್ನೊಂದು ವರ್ಷಕ್ಕೆ ಬಿದ್ದು ಲೆಕ್ಕ ಕೆಡುತ್ತದೆ.

ಮೊದಲ ಕೆಲಸ, ಏನೇನು ಮಾರಿದಿರಿ ಎಂದು ಬರೆಯುವುದು. ಹಾಲಿನದು ಗೋಡೆಯ ಕ್ಯಾಲೆಂಡರಿನಲ್ಲಿತ್ತು. ಸೋಯಾ, ಕಡಲೆ, ಹೆಸರಿನ ಪಟ್ಟಿಗಳು ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಿಂದ ಬಂದವು, ಟ್ರಂಕಿನಲ್ಲಿದ್ದವು. ಸೊಪ್ಪು ಮತ್ತು ಮೊಟ್ಟೆಗೆ ಮಾತ್ರ ಬರಹ ಇರಲಿಲ್ಲ. ಮನೆಯಾಕೆಯನ್ನು ಕೇಳಿದೆವು. ‘ವಾರಕ್ಕ ಎರಡು ಸಲ ಹೋಗ್ತೀನ್ರೀ, ಒಂದ್ ಸಲಕ್ಕ ಇಷ್ಟು ಉಳೀತದ’ ಎಂದು ಆಕೆ ಬೆರಳು ಮಡಚಿ ಹೇಳಿದ ಲೆಕ್ಕವನ್ನೇ ವರ್ಷಕ್ಕೆ ಹಿಗ್ಗಿಸಿ ಬರೆದುಕೊಂಡೆವು.

ಒಂದು ಎಚ್ಚರಿಕೆ. ಆ ವರ್ಷ ಅವರು ಒಂದು ಕೋಣಗರುವನ್ನು ಮಾರಿದ್ದರು. ಪಿಎಂ ಕಿಸಾನ್‌ನ 6,000 ರೂಪಾಯಿಯೂ ಖಾತೆಗೆ ಬಂದಿತ್ತು. ಇವೆರಡನ್ನೂ ಪಟ್ಟಿಗೆ ಸೇರಿಸಲಿಲ್ಲ. ಒಂದು ಸಲದ ಮಾರಾಟ, ಸಹಾಯಧನ, ವಿಮೆ, ಕೈಗಡ ಇವು ಬೆಳೆದ ಮಾಲಿನ ಆದಾಯವಲ್ಲ. ಸೇರಿಸಿದರೆ ಯಾವ ಮಾಲು ಮನೆ ನಡೆಸುತ್ತದೆ ಎಂಬ ಚಿತ್ರ ಮಸುಕಾಗುತ್ತದೆ.

ಇಳಿಸಿ ಬರೆಯಿರಿ, ಕೂಡುತ್ತ ಹೋಗಿ

ಎಲ್ಲ ಬರೆದಾದ ಮೇಲೆ ಹೆಚ್ಚು ರೊಕ್ಕದ್ದು ಮೇಲೆ, ಕಡಿಮೆಯದು ಕೆಳಗೆ ಬರುವಂತೆ ಮತ್ತೊಮ್ಮೆ ಬರೆಯಬೇಕು. ನಂತರ ಎಲ್ಲವನ್ನೂ ಕೂಡಬೇಕು. ಇವರ ಒಟ್ಟು ಮಾರಾಟ 4,00,000 ರೂಪಾಯಿ (ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ). ಪ್ರತಿ ಮಾಲಿನ ರೊಕ್ಕವನ್ನು ಒಟ್ಟು ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿದರೆ ಅದರ ಪಾಲು ಸಿಗುತ್ತದೆ. ಹಾಲು 1,32,000. ಅದನ್ನು 4,00,000ದಿಂದ ಭಾಗಿಸಿ ನೂರರಿಂದ ಗುಣಿಸಿದರೆ 33. ಅಂದರೆ ನೂರು ರೂಪಾಯಿಯಲ್ಲಿ 33 ಹಾಲಿನದು.

ಕೊನೆಯ ಸಾಲು ‘ಕೂಡುಪಾಲು’. ಪುಸ್ತಕದಲ್ಲಿ ಸಂಚಿತ ಶೇಕಡಾ ಎನ್ನುತ್ತಾರೆ. ಮೇಲಿನಿಂದ ಒಂದೊಂದೇ ಪಾಲನ್ನು ಕೂಡಿಸುತ್ತ ಇಳಿಯುವುದು, ಅಷ್ಟೇ. ಹಾಲು 33, ಅದಕ್ಕೆ ಪೇರಲದ 22 ಕೂಡಿಸಿದರೆ 55, ಅದಕ್ಕೆ ಸೋಯಾದ 15 ಕೂಡಿಸಿದರೆ 70. ಹೀಗೆ ಕೊನೆಯ ಸಾಲಿಗೆ 100 ಬರಲೇಬೇಕು. ಬರದಿದ್ದರೆ ಎಲ್ಲೋ ಕೂಡಿಸುವುದರಲ್ಲಿ ತಪ್ಪಿದೆ ಎಂದು ತಿಳಿಯಿರಿ.

| ಸ್ಥಾನ | ಮಾಲು | ಮಾರಾಟ (ರೂ.) | ಪಾಲು | ಕೂಡುಪಾಲು |
|---|---|---|---|---|
| 1 | ಎಮ್ಮೆ ಹಾಲು | 1,32,000 | 33 | 33 |
| 2 | ಪೇರಲ | 88,000 | 22 | 55 |
| 3 | ಸೋಯಾಬೀನ್ | 60,000 | 15 | 70 |
| 4 | ಕಡಲೆ | 48,000 | 12 | 82 |
| 5 | ಹೆಸರು | 20,000 | 5 | 87 |
| 6 | ಮಾವು | 16,000 | 4 | 91 |
| 7 | ಸೊಪ್ಪು-ತರಕಾರಿ | 12,000 | 3 | 94 |
| 8 | ಬಿಳಿಜೋಳ | 8,000 | 2 | 96 |
| 9 | ಮೆಣಸಿನಕಾಯಿ | 6,000 | 1.5 | 97.5 |
| 10 | ಕೋಳಿ ಮೊಟ್ಟೆ | 4,000 | 1 | 98.5 |
| 11 | ತೆಂಗು | 4,000 | 1 | 99.5 |
| 12 | ಹುಣಸೆ | 2,000 | 0.5 | 100 |

ಪಟ್ಟಿ ನೋಡಿ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಎಮ್ಮಿ ಮಾರಿಬಿಡೂಣು ಅಂತ ಎರಡು ವರ್ಸದಿಂದ ಹೇಳಾಕತ್ತೇನಿ ತಮ್ಮಾ. ಮೂರನೇ ಒಂದು ಭಾಗ ಅದರದ ಐತೆಲ್ಲ!’ ಎಂದರು. ಹನ್ನೆರಡು ಮಾಲಿನಲ್ಲಿ ಮೊದಲ ನಾಲ್ಕೇ ನೂರಕ್ಕೆ 82 ರೂಪಾಯಿ ತರುತ್ತವೆ. ಉಳಿದ ಎಂಟೂ ಸೇರಿ ತರುವುದು 18.

ಗೆರೆ ಎಲ್ಲಿ ಎಳೆಯಬೇಕು?

80-20 ಎಂಬ ಮಾತನ್ನು ಎಲ್ಲರೂ ಕೇಳಿರುತ್ತೀರಿ. ನೂರಕ್ಕೆ ಇಪ್ಪತ್ತು ಮಾಲು ನೂರಕ್ಕೆ ಎಂಬತ್ತು ರೊಕ್ಕ ತರುತ್ತವೆ ಎಂದು. ಇದು ಪ್ರಕೃತಿ ನಿಯಮವೇನಲ್ಲ. ಇಲ್ಲಿ ನೋಡಿ, ಹನ್ನೆರಡರಲ್ಲಿ ನಾಲ್ಕು ಅಂದರೆ ಮೂರನೇ ಒಂದು ಭಾಗ ಮಾಲು ಬೇಕಾಯಿತು. ಬೇರೆ ಮನೆಯಲ್ಲಿ ಎರಡೇ ಸಾಕಾಗಬಹುದು, ಇನ್ನೊಂದರಲ್ಲಿ ಆರು ಬೇಕಾಗಬಹುದು.

ಅದಕ್ಕಾಗಿ 80 ಬಂದ ತಕ್ಷಣ ಗೆರೆ ಎಳೆಯುವ ಬದಲು ಪಾಲಿನ ಸಾಲಿನಲ್ಲಿ ದೊಡ್ಡ ಮೆಟ್ಟಿಲು ಎಲ್ಲಿದೆ ನೋಡಿ. 33, 22, 15, 12, ಆಮೇಲೆ ಒಮ್ಮೆಲೇ 5. ಕಡಲೆ ಮತ್ತು ಹೆಸರಿನ ನಡುವೆ ಮೆಟ್ಟಿಲು ಕೆಳಗೆ ಇಳಿದಿದೆ. ಅಲ್ಲೇ ಗೆರೆ. ಅದರ ಮೇಲಿನವು ಮೊದಲ ಗುಂಪು. ಹೆಸರು, ಮಾವು, ಸೊಪ್ಪು ನಡುವಿನ ಗುಂಪು. ಜೋಳದಿಂದ ಕೆಳಗಿನವು ಕೊನೆಯ ಗುಂಪು.

ಮೆಟ್ಟಿಲೇ ಕಾಣದಿದ್ದರೆ? ಐದು ಮಾಲಿದ್ದು ಪ್ರತಿಯೊಂದೂ ಹೆಚ್ಚು ಕಡಿಮೆ 20ರ ಪಾಲು ತಂದರೆ ಕೂಡುಪಾಲು 20, 40, 60, 80, 100 ಎಂದು ಸಮನಾಗಿ ಏರುತ್ತದೆ. ಆ ಮನೆಯಲ್ಲಿ ‘ಕೆಲವೇ ಮುಖ್ಯ ಮಾಲು’ ಎಂಬುದಿಲ್ಲ, ಈ ಲೆಕ್ಕ ಅವರಿಗೆ ಅಲ್ಲಿಗೇ ಮುಗಿಯಿತು. ಅದಕ್ಕೆ ತದ್ವಿರುದ್ಧವಾಗಿ ಮಲೆನಾಡಿನ ಅಡಿಕೆ ತೋಟದವರಿಗೆ ಒಂದೇ ಮಾಲು ಬಹುಪಾಲು ರೊಕ್ಕ ತರುತ್ತಿದ್ದರೆ, ಅವರು ಮಾಲಿನ ಬದಲು ತೋಟದ ತುಂಡುಗಳನ್ನೋ ಕೊಳ್ಳುವವರನ್ನೋ ಹೀಗೆ ಇಳಿಸಿ ಬರೆಯಬಹುದು.

ಇನ್ನೊಂದು ಕಡೆ ಜನ ಜಾರುತ್ತಾರೆ. ಮೆಂತ್ಯ, ಕೊತ್ತಂಬರಿ, ಮೂಲಂಗಿ, ರಾಜಗಿರಿ ಇವನ್ನು ಬೇರೆ ಬೇರೆ ಬರೆದರೆ ಎಲ್ಲವೂ ಪಟ್ಟಿಯ ತಳಕ್ಕೆ ಹೋಗುತ್ತವೆ. ಒಟ್ಟಿಗೆ ಬರೆದರೆ ಏಳನೇ ಸ್ಥಾನ. ಯಾವುದು ಸರಿ? ಒಂದೇ ಮಡಿ, ಒಂದೇ ಬುಟ್ಟಿ, ಒಂದೇ ಸಂತೆಗೆ ಹೋಗುವುದಾದರೆ ಅದು ಒಂದೇ ಮಾಲು. ಬಿಡುವುದೋ ಇಟ್ಟುಕೊಳ್ಳುವುದೋ ಎಂದು ತೀರ್ಮಾನ ಮಾಡುವಾಗ ಯಾವುದನ್ನು ಒಟ್ಟಿಗೆ ಬಿಡುತ್ತೀರೋ ಅದನ್ನು ಒಟ್ಟಿಗೆ ಬರೆಯಿರಿ.

ಬಂದದ್ದು ಬೇರೆ, ಉಳಿದದ್ದು ಬೇರೆ

ಅಂಗಡಿಯವನಿಗೆ ಮೇಲಿನ ಪಟ್ಟಿ ಸಾಕಾಗಬಹುದು. ರೈತನಿಗೆ ಸಾಲದು. ಹಾಲಿನ 1,32,000ದಲ್ಲಿ ಹಿಂಡಿ, ಬೂಸಾ, ಹತ್ತಿಕಾಳು, ಔಷಧಿಗೆ 62,000 ಹೋಗಿತ್ತು. ಮಾವಿನ ಮರಗಳನ್ನು ಕಾಯಿ ಇದ್ದಾಗಲೇ ಗುತ್ತಿಗೆ ಕೊಟ್ಟಿದ್ದರಿಂದ 16,000ದಲ್ಲಿ ಖರ್ಚು ಸಾವಿರ ಮಾತ್ರ. ಆದ್ದರಿಂದ ಎರಡನೇ ಪಟ್ಟಿ ಬೇಕು. ಪ್ರತಿ ಮಾಲಿನ ಮುಂದೆ ಕೈಬಿಟ್ಟ ಖರ್ಚು ಬರೆದು, ಕಳೆದು, ಉಳಿದದ್ದನ್ನು ಮತ್ತೆ ಇಳಿಸಿ ಬರೆಯುವುದು. ಮನೆಯವರ ಸ್ವಂತ ದುಡಿತಕ್ಕೆ ಇಲ್ಲಿ ಕೂಲಿ ಹಾಕಬೇಡಿ, ಅದನ್ನು ಮುಂದೆ ನೋಡೋಣ.

ಎರಡನೇ ಪಟ್ಟಿಯಲ್ಲಿ ಒಟ್ಟು ಉಳಿತಾಯ 2,41,000 ಬಂತು. ಮೇಲಿನ ಆರು ಹೀಗೆ ನಿಂತವು:

1. ಹಾಲು: 70,000
2. ಪೇರಲ: 66,000
3. ಕಡಲೆ: 30,000
4. ಸೋಯಾಬೀನ್: 26,000
5. ಮಾವು: 15,000
6. ಹೆಸರು: 11,000

ಮೊದಲ ನಾಲ್ಕರ ಹೆಸರು ಬದಲಾಗಲಿಲ್ಲ. ಆದರೆ ಸಾಲು ಬದಲಾಯಿತು. ಮಾರಾಟದಲ್ಲಿ ಹಾಲಿಗೂ ಪೇರಲಕ್ಕೂ 44,000ದ ಅಂತರವಿತ್ತು, ಉಳಿದದ್ದರಲ್ಲಿ ಅದು 4,000ಕ್ಕೆ ಇಳಿಯಿತು. ಕಡಲೆ ಸೋಯಾವನ್ನು ಹಿಂದೆ ಹಾಕಿತು. ಸೋಯಾಕ್ಕೆ ಬೀಜ, ಗೊಬ್ಬರ, ಕಳೆ, ಕೀಟನಾಶಕ, ರಾಶಿ ಎಂದು ಖರ್ಚು ಹೆಚ್ಚು. ಕಡಲೆ ಹಿಂಗಾರಿಯ ತಂಪು ಮತ್ತು ಇಬ್ಬನಿಯ ಮೇಲೆ ಬಂದುಬಿಡುತ್ತದೆ. ಮಾವು ಹೆಸರನ್ನು ದಾಟಿತು. ಬದುವಿನಲ್ಲಿ ನಿಂತ ಎಂಟು ಮರ, ಕೇಳುವವರಿಲ್ಲದೆ ನಿಂತವು!

ಎರಡು ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡುವುದರಲ್ಲೇ ಲಾಭ. ಎರಡರಲ್ಲೂ ಮೇಲಿರುವುದು ಮನೆಯ ಕಂಬ. ಮೊದಲನೆಯದರಲ್ಲಿ ಮೇಲಿದ್ದು ಎರಡನೆಯದರಲ್ಲಿ ಜಾರಿದ ಮಾಲು ಇದ್ದರೆ ಅದರ ಖರ್ಚನ್ನು ಕೆದಕಿ ನೋಡಬೇಕು. ಹಾಲಿನ ವಿಷಯ ಹಾಗೆ. ಎಮ್ಮೆ ಮಾರುವುದಲ್ಲ, 62,000ದ ಹಿಂಡಿ ಲೆಕ್ಕ ಕೆದಕುವುದು ಮೊದಲ ಕೆಲಸ.

ಎಂಟನೇ ಸ್ಥಾನದ ಜೋಳ

ಕೆಳಗಿನ ಗುಂಪನ್ನು ಕಂಡ ಕೂಡಲೇ ‘ಇದನ್ನು ತೆಗೆದು ಹಾಕಿ’ ಎನ್ನುವವರಿದ್ದಾರೆ. ಹೊಲದಲ್ಲಿ ಇದು ಎಲ್ಲಕ್ಕಿಂತ ಅಪಾಯದ ಸಲಹೆ. ಬಿಳಿಜೋಳವನ್ನೇ ನೋಡಿ. 8,000 ರೂಪಾಯಿ, ಎಂಟನೇ ಸ್ಥಾನ, ನೂರಕ್ಕೆ ಎರಡು. ತೆಗೆದು ಆ ಎಕರೆಗೂ ಕಡಲೆ ಬಿತ್ತಿದರಾಯಿತಲ್ಲ ಎನಿಸುತ್ತದೆ.

ಆದರೆ ಆ ಎಕರೆಯ ಜೋಳದಲ್ಲಿ ಮಾರಿದ್ದು ಎರಡೂವರೆ ಕ್ವಿಂಟಲ್ ಮಾತ್ರ. ನಾಲ್ಕು ಕ್ವಿಂಟಲ್ ಮನೆಯ ರೊಟ್ಟಿಗೆ ಹೋಯಿತು. ಅದೇ ದರದಲ್ಲಿ, ಅಂದರೆ ಕ್ವಿಂಟಲ್‌ಗೆ 3,200ರಂತೆ, ಅದರ ಬೆಲೆ 12,800. ಇನ್ನು ಕಣಕಿ. ಬೇಸಿಗೆಯಲ್ಲಿ ಮೂರು ಎಮ್ಮೆ ತಿಂದ ಅಷ್ಟು ಕಣಕಿಯನ್ನು ಹೊರಗೆ ಕೊಂಡಿದ್ದರೆ ಸುಮಾರು 12,000 ಆಗುತ್ತಿತ್ತು. ಮೂರನ್ನೂ ಕೂಡಿಸಿ: 32,800. ಎಂಟನೇ ಸ್ಥಾನದ ಜೋಳ ಹೆಸರು, ಮಾವು, ಸೊಪ್ಪನ್ನು ದಾಟಿ ಐದನೆಯದಾಯಿತು. ಕಣಕಿ ಇಲ್ಲದಿದ್ದರೆ ಪಟ್ಟಿಯ ಮೊದಲ ಸಾಲಿನ ಹಾಲಿನ ಉಳಿಕೆಯೇ 70,000ದಿಂದ 58,000ಕ್ಕೆ ಇಳಿಯುತ್ತಿತ್ತು.

ಯಜಮಾನರ ಮನೆಯಾಕೆ ಇದನ್ನು ಲೆಕ್ಕವಿಲ್ಲದೇ ಹೇಳಿದ್ದರು. ‘ಜ್ವಾಳ ತಗದ್ರ ರೊಟ್ಟಿನೂ ಕೊಂಡ್ ತಿನ್ನಬೇಕು, ಎಮ್ಮಿಗೂ ಕೊಂಡ್ ಹಾಕಬೇಕು. ಆಮ್ಯಾಲ ಆ ಕಡ್ಲಿ ರೊಕ್ಕ ಎಲ್ಲೈತ್ರಿ?’

ಆದ್ದರಿಂದ ಕೆಳಗಿನ ಗುಂಪಿನ ಪ್ರತಿ ಮಾಲಿನ ಮುಂದೆ ಎರಡು ಪ್ರಶ್ನೆ ಬರೆಯಿರಿ. ಇದರಲ್ಲಿ ಮನೆಗೆ ಉಳಿಸಿಕೊಂಡದ್ದು ಎಷ್ಟು? ಇದು ಮೇಲಿನ ಯಾವ ಮಾಲಿಗೆ ಆಸರೆ? ಉತ್ತರ ಇದ್ದರೆ ಅದನ್ನು ಬಿಡುವ ಮಾತೇ ಬೇಡ. ಮನೆಯಲ್ಲಿ ಕುಡಿದ ಹಾಲು, ತಿಂದ ಸೊಪ್ಪಿಗೂ ಬೆಲೆ ಕಟ್ಟಬೇಕು. ಹಾಗೆ ಮಾಡಿದರೆ ಹಾಲಿನ ಪಾಲು ಇನ್ನಷ್ಟು ಮೇಲೇರುತ್ತದೆ ಹೊರತು ಇಳಿಯುವುದಿಲ್ಲ.

ಎಮ್ಮೆಯ ಬಗ್ಗೆ ಒಂದು ಮಾತು. ಧಾರವಾಡಿ ಎಮ್ಮೆಯನ್ನು ಪ್ರತ್ಯೇಕ ತಳಿಯೆಂದು ರಾಷ್ಟ್ರಮಟ್ಟದಲ್ಲಿ ಅಧಿಕೃತವಾಗಿ ನೋಂದಾಯಿಸಿದ್ದು 2021ರಲ್ಲಿ. ಇದು ಮುರ್ರಾದಷ್ಟು ಹಾಲು ಕರೆಯುವುದಿಲ್ಲ, ಆದರೆ ಕಣಕಿ, ಹೊಟ್ಟು, ಬದುವಿನ ಹುಲ್ಲಿನ ಮೇಲೆ ಬದುಕುತ್ತದೆ. ಜೋಳ ಮತ್ತು ಹಾಲಿನ ಈ ನಂಟು ನಡೆಯುವುದು ಅದಕ್ಕೇ. ಹಿಂಡಿಯ ಮೇಲೇ ನಿಂತ ತಳಿ ಇದ್ದಿದ್ದರೆ ಎರಡನೇ ಪಟ್ಟಿ ಬೇರೆಯೇ ಇರುತ್ತಿತ್ತು.

ದುಡಿತದ ದಿನದ ಲೆಕ್ಕ

ಮೂರನೇ ನೋಟ ಸ್ವಂತ ದುಡಿತದ್ದು. ಸಣ್ಣ ರೈತನಿಗೆ ನಿಜಕ್ಕೂ ಕೊರತೆ ಇರುವುದು ಎರಡು ಜೋಡಿ ಕೈಗಳದ್ದು. ಯಾವ ಮಾಲಿಗೆ ಮನೆಯವರ ಎಷ್ಟು ದಿನ ಹೋಯಿತು ಎಂದು ಅಂದಾಜು ಮಾಡಿ, ಉಳಿದ ರೊಕ್ಕವನ್ನು ಆ ದಿನಗಳಿಂದ ಭಾಗಿಸಿದೆವು. ಎಮ್ಮೆಗೆ ದಿನಕ್ಕೆ ನಾಲ್ಕು ತಾಸು. ವರ್ಷಕ್ಕೆ ಲೆಕ್ಕ ಹಾಕಿದರೆ ಎಂಟು ತಾಸಿನ 180 ದಿನ. ದಿನಕ್ಕೆ ಬಿದ್ದದ್ದು ಸುಮಾರು 390 ರೂಪಾಯಿ. ಪೇರಲಕ್ಕೆ 70 ದಿನ, ದಿನಕ್ಕೆ ಸುಮಾರು 940. ಸೊಪ್ಪು-ತರಕಾರಿಗೆ ಬಿತ್ತುವುದು, ಕೀಳುವುದು, ಕಟ್ಟು ಕಟ್ಟುವುದು, ಸಂತೆಯಲ್ಲಿ ಕೂರುವುದು ಎಲ್ಲ ಸೇರಿ 60 ದಿನ. ಉಳಿದದ್ದು 9,000. ದಿನಕ್ಕೆ 150 ರೂಪಾಯಿ! ಆ ದಿನ ಬೇರೆಯವರ ಹೊಲಕ್ಕೆ ಕಳೆ ತೆಗೆಯಲು ಹೋದರೂ ಇದಕ್ಕಿಂತ ಹೆಚ್ಚು ಸಿಗುತ್ತದೆ.

ಇಲ್ಲೂ ಅಂಕಿಯನ್ನು ಕುರುಡಾಗಿ ನಂಬಬಾರದು. ಎಮ್ಮೆಯ ನಾಲ್ಕು ತಾಸು ಬೆಳಗಿನ ಜಾವ ಮತ್ತು ಸಂಜೆಗೆ ಹಂಚಿಹೋಗಿದೆ. ಎಮ್ಮೆ ಬಿಟ್ಟರೂ ಆ ತಾಸುಗಳಿಗೆ ಯಾರೂ ಕೂಲಿ ಕೊಡುವುದಿಲ್ಲ. ಸೊಪ್ಪಿನ ದಿನಗಳು ಹಾಗಲ್ಲ, ಅವು ಪೂರಾ ಹಗಲಿನವು. ಆದ್ದರಿಂದ ಕೈಬಿಡಬಹುದಾದ ದುಡಿತ ಸೊಪ್ಪಿನದೇ.

ಸೊಪ್ಪಿನ ಪರವಾಗಿ ಒಂದು ಮಾತು ಸಾಮಾನ್ಯವಾಗಿ ಬರುತ್ತದೆ: ವಾರವಾರ ಕೈಗೆ ರೊಕ್ಕ ಬರುತ್ತದೆ, ಸೋಯಾ ಬರುವವರೆಗಿನ ಬಿಗಿ ದಿನಗಳಲ್ಲಿ ಸಂತೆ ಖರ್ಚು ನಡೆಯುತ್ತದೆ ಎಂದು. ಎಮ್ಮೆ ಇಲ್ಲದ ಮನೆಯಲ್ಲಿ ಇದು ನಿಜ, ಅಲ್ಲಿ ಸೊಪ್ಪನ್ನು ಬಿಡಬಾರದು. ಈ ಮನೆಯಲ್ಲಿ ಹಾಲಿನ ರೊಕ್ಕ ತಿಂಗಳು ತಿಂಗಳು ಬರುತ್ತಿದೆ.

ಮೇಲಿನ ಮಾಲಿನ ಒಳಗೂ ಇದೇ ಲೆಕ್ಕ

ಹಾಗಾದರೆ ಸೊಪ್ಪಿನಿಂದ ಉಳಿದ ದಿನಗಳನ್ನು ಎಲ್ಲಿ ಹಾಕಬೇಕು? ಇದಕ್ಕೆ ಮೊದಲ ಗುಂಪಿನ ಮಾಲನ್ನು ಬಿಡಿಸಿ ನೋಡಬೇಕು. ಪೇರಲದ 88,000 ಬಂದದ್ದು 3,500 ಕಿಲೋ ಹಣ್ಣಿಗೆ. ಅದರಲ್ಲಿ 2,600 ಕಿಲೋವನ್ನು ವ್ಯಾಪಾರಿ ತೋಟದಲ್ಲೇ ಕಿಲೋಗೆ 20ರಂತೆ ಎತ್ತಿದ್ದ, 52,000. ಉಳಿದ 900 ಕಿಲೋವನ್ನು ಮನೆಯಾಕೆ ಬುಟ್ಟಿಯಲ್ಲಿಟ್ಟು ರಸ್ತೆ ಬದಿಯಲ್ಲಿ ಕಿಲೋಗೆ 40ರಂತೆ ಮಾರಿದ್ದರು, 36,000. ಅಂದರೆ ತೂಕದ ಕಾಲು ಭಾಗ, ರೊಕ್ಕದ ನೂರಕ್ಕೆ 41.

ಸೊಪ್ಪಿಗೆ ಹೋಗುತ್ತಿದ್ದ 60 ದಿನಗಳಲ್ಲಿ ಪೇರಲ ಸುಗ್ಗಿಯ 25 ದಿನ ಬುಟ್ಟಿ ಮಾರಾಟಕ್ಕೆ ಹಾಕಿದರೆ, ದಿನಕ್ಕೆ 30 ಕಿಲೋ ಹೋಯಿತೆಂದುಕೊಳ್ಳಿ. 750 ಕಿಲೋ, ಕಿಲೋಗೆ ಹೆಚ್ಚುವರಿ 20 ರೂಪಾಯಿ, ಒಟ್ಟು 15,000. ಸೊಪ್ಪಿನ 9,000 ಹೋದರೂ 6,000 ಹೆಚ್ಚು, 35 ದಿನ ಬಿಡುವು ಬೇರೆ. ಮನೆಗೆ ಬೇಕಾದ ಒಂದೆರಡು ಮಡಿ ಸೊಪ್ಪು ಇರಲಿ ಎಂದು ಆಕೆ ಹಟ ಹಿಡಿದರು. ಅದು ಸರಿಯೂ ಹೌದು.

ಈ ಲೆಕ್ಕಕ್ಕೂ ಮಿತಿ ಉಂಟು. ಬುಟ್ಟಿಗೆ ಹೋಗುವುದು ಕಲೆಯಿಲ್ಲದ, ದುಂಡಗಿನ ಹಣ್ಣು ಮಾತ್ರ. ಹಣ್ಣು ನೊಣ ಕುಟ್ಟಿದ್ದನ್ನು ರಸ್ತೆಯಲ್ಲಿ ನಿಂತು ಯಾರೂ ಕೊಳ್ಳುವುದಿಲ್ಲ. ಮಳೆ ಹಿಡಿದ ದಿನ ಗಿರಾಕಿ ಇರುವುದಿಲ್ಲ. ಒಳ್ಳೆಯ ಹಣ್ಣನ್ನೆಲ್ಲ ಆರಿಸಿ ತೆಗೆದರೆ ಉಳಿದದ್ದಕ್ಕೆ ವ್ಯಾಪಾರಿ 20 ಕೊಡುತ್ತಾನೆಯೇ ಎಂಬುದೂ ನೋಡಬೇಕು. ಅವನು ಕಿಲೋಗೆ 15ಕ್ಕೆ ಇಳಿದರೆ ಉಳಿದ 1,850 ಕಿಲೋದಲ್ಲಿ 9,250 ಕೈಬಿಟ್ಟಂತೆ. ಆಗ 15,000ದಲ್ಲಿ ಉಳಿಯುವುದು 5,750, ಸೊಪ್ಪಿನ 9,000ಕ್ಕೂ ಕಡಿಮೆ. ಅದಕ್ಕೇ ಇವರು ವ್ಯಾಪಾರಿಯೊಡನೆ ಮೊದಲೇ ಮಾತಾಡಿ, ಆರಿಸಿ ಉಳಿದ ಹಣ್ಣಿನ ದರ ಗೊತ್ತು ಮಾಡಿಕೊಂಡೇ ಮುಂದುವರಿಯಲು ನಿರ್ಧರಿಸಿದ್ದಾರೆ.

ಒಂದು ವರ್ಷದ ಪಟ್ಟಿ ಸಾಲದು

ಮೇಲಿನದು ಒಂದು ವರ್ಷದ ಚಿತ್ರ. ಸೋಯಾ ಕಟಾವಿನ ಹೊತ್ತಿಗೆ ಮಳೆ ಜಡಿ ಹಿಡಿದರೆ ಕಾಳು ಕಪ್ಪಾಗಿ ದರ ಬೀಳುತ್ತದೆ, ಮೂರನೇ ಸ್ಥಾನದಿಂದ ಜಾರುತ್ತದೆ. ಮಾವು ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಬಿಡುವುದಿಲ್ಲ. ಕಡಲೆಗೆ ಸಿಡಿರೋಗ ಬಂದರೆ ಹೊಲದಲ್ಲಿ ಬೋಳು ಮಚ್ಚೆ. ಆದ್ದರಿಂದ ಮೂರು ವರ್ಷದ ಪಟ್ಟಿ ಮಾಡಿ ಅಕ್ಕಪಕ್ಕ ಇಡಿ. ಮೂರರಲ್ಲೂ ಮೊದಲ ಗುಂಪಿನಲ್ಲಿ ನಿಂತದ್ದೇ ನಿಜವಾದ ಮುಖ್ಯ ಮಾಲು. ಒಂದು ವರ್ಷ ಮಾತ್ರ ಮೇಲೆ ಬಂದು ಹೋದದ್ದು ದರದ ಅಥವಾ ಮಳೆಯ ಆಟ. ಅದನ್ನು ನಂಬಿ ಮುಂದಿನ ವರ್ಷ ಎಕರೆ ಹೆಚ್ಚಿಸಬಾರದು.

ಇನ್ನೊಂದು ಸಂಗತಿಯನ್ನೂ ಪಟ್ಟಿಯೇ ಹೇಳುತ್ತದೆ. ಹಾಲು ಮತ್ತು ಪೇರಲ ಎರಡೇ ಸೇರಿ ನೂರಕ್ಕೆ 55. ಮೂರು ಎಮ್ಮೆಗಳೂ ಒಟ್ಟಿಗೆ ಬತ್ತಿದರೆ ಮೂರನೇ ಒಂದು ಭಾಗ ಆದಾಯ ಆ ತಿಂಗಳುಗಳಲ್ಲಿ ನಿಂತುಹೋಗುತ್ತದೆ. ಆದ್ದರಿಂದ ಗಬ್ಬ ಕಟ್ಟಿಸುವುದನ್ನು ಹಿಂದೆ ಮುಂದೆ ಮಾಡಿ ಯಾವಾಗಲೂ ಎರಡು ಕರೆಯುವಂತೆ ನೋಡಿಕೊಳ್ಳುವುದು ಈ ಮನೆಗೆ ಹೊಸ ಬೆಳೆ ಹಾಕುವುದಕ್ಕಿಂತ ದೊಡ್ಡ ಕೆಲಸ. ಕೂಡುಪಾಲು ಬೇಗ ಏರಿದಷ್ಟೂ ಮನೆ ಕಡಿಮೆ ಕಂಬಗಳ ಮೇಲೆ ನಿಂತಿದೆ ಎಂದರ್ಥ. ಆ ಕಂಬಗಳಿಗೆ ಗೆದ್ದಲು ಹತ್ತದಂತೆ ಕಾಯಬೇಕು.

ಈ ಮನೆಯ ತೀರ್ಮಾನ ಕೊನೆಗೆ ಇಷ್ಟು: ಎಮ್ಮೆ ಮಾರುವ ಮಾತು ಬಿಟ್ಟರು. ಹಿಂಡಿ ಖರ್ಚನ್ನು ತಿಂಗಳು ತಿಂಗಳು ಬರೆಯಲು ಹಿಡಿದರು. ಜೋಳದ ಎಕರೆಗೆ ಕೈ ಹಚ್ಚುವುದಿಲ್ಲ. ಮಾರುವ ಸೊಪ್ಪು ನಿಲ್ಲಿಸಿ, ಪೇರಲ ಸುಗ್ಗಿಗೆ 25 ದಿನ ಬುಟ್ಟಿ. ಮೊಟ್ಟೆ, ತೆಂಗು, ಹುಣಸೆಗೆ ಪ್ರತ್ಯೇಕ ಸಂತೆ ಮಾಡುವುದಿಲ್ಲ, ಮನೆ ಬಾಗಿಲಿಗೆ ಬಂದವರಿಗೆ ಕೊಡುವುದು.

ನೀವೂ ಮಾಡುವುದಾದರೆ ಮೇ ಕೊನೆಯ ವಾರ ಒಳ್ಳೆಯದು. ಹೊಲದ ಕೆಲಸ ಇನ್ನೂ ಬಿಗಿಯಾಗಿರುವುದಿಲ್ಲ, ಬಿತ್ತನೆ ಬೀಜ ತರುವ ಮೊದಲೇ ಪಟ್ಟಿ ಕೈಯಲ್ಲಿರುತ್ತದೆ. ಮನೆಯವರನ್ನು ಕೂರಿಸಿಕೊಂಡೇ ಬರೆಯಿರಿ. ಪಟ್ಟಿಯ ಅರ್ಧ ಅಂಕಿಗಳು ಅವರ ಬೆರಳ ತುದಿಯಲ್ಲೇ ಇರುತ್ತವೆ.